ರಾಕ್ ಬ್ಯಾಂಡಿನ ಹೆಸರು, ಲೋಗೋ, ಟೀ ಶರ್ಟ್, ಪೋಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕೆಲವು ಬ್ಯಾಂಡ್‌ಗಳಿಗೆ ಲೋಗೋ ಬರೆದುಕೊಟ್ಟಿದ್ದೇನೆ, ಟೀ ಶರ್ಟ್ ಪ್ರಿಂಟ್ ಮಾಡಿಸಿದ್ದೇನೆ, ಶೋ ದಿನ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಮಾರಿಯೂ ಇದ್ದೇನೆ. ಹೊಸದಾಗಿ ಬ್ಯಾಂಡ್ ಕಟ್ಟುವವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಕಷ್ಟದ್ದು ಆಮೇಲೆ.

## ಹೆಸರು

ಹೆಸರು ಎಲ್ಲಿಂದ ಹುಡುಕ್ತಾರೆ? ಕೂತು ಯೋಚನೆ ಮಾಡಿದ್ರೆ ಒಂದೂ ಹೊಳೆಯಲ್ಲ.

ದೊಡ್ಡ ಬ್ಯಾಂಡ್‌ಗಳ ಹೆಸರುಗಳು ಬಹಳಷ್ಟು ಸಲ ಕೈಗೆ ಸಿಕ್ಕಿದ ವಸ್ತುವಿನಿಂದ ಬಂದಿವೆ. 1962ರಲ್ಲಿ ಗಿಟಾರ್ ವಾದಕ ಬ್ರಯಾನ್ ಜೋನ್ಸ್ ಲಂಡನ್ನಿನ ಒಂದು ಜಾಝ್ ಪತ್ರಿಕೆಗೆ ಫೋನ್ ಮಾಡಿದಾಗ ಆ ಕಡೆಯವರು ಬ್ಯಾಂಡಿನ ಹೆಸರೇನು ಅಂತ ಕೇಳಿದರು. ಹೆಸರು ಇನ್ನೂ ಇಟ್ಟಿರಲಿಲ್ಲ. ನೆಲದ ಮೇಲೆ ಮಡ್ಡಿ ವಾಟರ್ಸ್‌ನ ರೆಕಾರ್ಡ್ ಬಿದ್ದಿತ್ತು, ಅದರಲ್ಲಿದ್ದ ಒಂದು ಹಾಡಿನ ಹೆಸರು ಕಣ್ಣಿಗೆ ಬಿತ್ತು, ಅದನ್ನೇ ಹೇಳಿಬಿಟ್ಟರು. ಅದೇ ಬ್ಯಾಂಡಿನ ಕೀತ್ ರಿಚರ್ಡ್ಸ್ ಹೇಳಿಕೊಂಡಿರುವಂತೆ ರೋಲಿಂಗ್ ಸ್ಟೋನ್ಸ್ ಹುಟ್ಟಿದ್ದು ಹೀಗೆ. ಎಸಿ/ಡಿಸಿ ಹೆಸರು ಆ ಬ್ಯಾಂಡ್ ಕಟ್ಟಿದ ಯಂಗ್ ಸಹೋದರರ ಅಕ್ಕ ಮಾರ್ಗರೆಟ್‌ಗೆ ಹೊಲಿಗೆ ಯಂತ್ರದ ಮೇಲೆ ಕಂಡಿತು. ಮೆಟಾಲಿಕಾ ಅನ್ನೋದು ರಾನ್ ಕ್ವಿಂಟಾನಾ ಎಂಬ ಗೆಳೆಯ ತಾನು ತರಬೇಕೆಂದಿದ್ದ ಪತ್ರಿಕೆಗೆ ಮಾಡಿಕೊಂಡ ಹೆಸರುಗಳ ಪಟ್ಟಿಯಲ್ಲಿತ್ತು. ಲಾರ್ಸ್ ಉಲ್ರಿಕ್ 1981ರಲ್ಲಿ ಅದನ್ನು ತನ್ನ ಬ್ಯಾಂಡಿಗೆ ಇಟ್ಟುಕೊಂಡ.

ಅದಕ್ಕೇ ನಾನು ಹೇಳೋದು, "ಅರ್ಥಪೂರ್ಣ ಹೆಸರು" ಹುಡುಕಲು ಕೂರಬೇಡಿ. ಫೋನಿನಲ್ಲಿ ಒಂದು ಪಟ್ಟಿ ಶುರು ಮಾಡಿ. ಬಸ್ ಬೋರ್ಡು, ಔಷಧಿ ಡಬ್ಬಿ, ಅಜ್ಜಿ ಬೈಯ್ಯುವ ಮಾತು, ಪ್ರಾಕ್ಟೀಸ್ ರೂಮಿನ ಫ್ಯೂಸ್ ಡಬ್ಬದ ಮೇಲಿನ ಬರಹ, ಯಾವುದು ಕಿವಿಗೆ ಬಿದ್ದರೂ ಬರೆದುಕೊಳ್ಳಿ. ಎರಡು ತಿಂಗಳಲ್ಲಿ ನಲವತ್ತು ಹೆಸರಾಗುತ್ತವೆ. ಆಮೇಲೆ ಹೊಡೆದುಹಾಕುತ್ತಾ ಬನ್ನಿ.

ಹೆಸರು ಚೆನ್ನಾಗಿದೆಯಾ ಇಲ್ವಾ ಅಂತ ಗೊತ್ತಾಗೋದು ಹೇಗೆ?

ಫೋನಿನಲ್ಲಿ ಹೇಳಿ ನೋಡಿ. ಟ್ರಾಫಿಕ್ ಸದ್ದಿನ ನಡುವೆ, ಪರಿಚಯ ಇಲ್ಲದವರಿಗೆ, ಒಂದೇ ಸಲ. ಅವರು ಅದನ್ನು ವಾಪಸ್ ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆಯ್ತು. ಲೆಡ್ ಝೆಪೆಲಿನ್ ಹೆಸರಿನ ಮೊದಲ ಪದ `lead`ನಿಂದ "ಎ" ಅಕ್ಷರವನ್ನು ತೆಗೆದದ್ದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಜನ "ಲೀಡ್" ಅಂತ ಓದುತ್ತಿದ್ದರು.

ನಮಗೆ ಇನ್ನೊಂದು ತೊಂದರೆ ಇದೆ. ಕನ್ನಡ ಹೆಸರು ಇಟ್ಟರೂ ಜನ ಅದನ್ನು ಹುಡುಕೋದು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. "ಧ್ವನಿ" ಅಂತ ಹೆಸರಿಟ್ಟರೆ ಒಬ್ಬರು `dhwani` ಅಂತ ಟೈಪ್ ಮಾಡುತ್ತಾರೆ, ಇನ್ನೊಬ್ಬರು `dhvani`, ಮತ್ತೊಬ್ಬರು `dwani`. ಮೂರು ಜನ ಮೂರು ಕಡೆ ಹೋಗುತ್ತಾರೆ. ಐದು ಜನ ಗೆಳೆಯರಿಗೆ ಹೆಸರನ್ನು ಬಾಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ನಾಲ್ಕು ಜನ ಒಂದೇ ಥರ ಬರೆದರೆ ಆ ಹೆಸರು ನಡೆಯುತ್ತದೆ. ಐದೂ ಬೇರೆ ಬೇರೆ ಬಂದರೆ ಅದನ್ನು ಹಾಡಿಗೆ ಇಟ್ಟುಕೊಳ್ಳಿ, ಬ್ಯಾಂಡಿಗೆ ಬೇಡ.

ಅದೇ ಹೆಸರಿನ ಬ್ಯಾಂಡ್ ಬೇರೆ ದೇಶದಲ್ಲಿದ್ರೆ ಏನಾಗುತ್ತೆ? ನಾವೇನು ಅಲ್ಲಿಗೆ ಹೋಗ್ತೀವಾ?

ನೀವು ಹೋಗದಿದ್ದರೂ ನಿಮ್ಮ ಹಾಡು ಹೋಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಒಂದೇ ಹೆಸರಿನ ಎರಡು ಬ್ಯಾಂಡಿನ ಹಾಡುಗಳು ಒಂದೇ ಪುಟದಲ್ಲಿ ಕಲಸಿಹೋಗೋದು ನಾನೇ ನೋಡಿದ್ದೇನೆ. ಬ್ಲಿಂಕ್-182 ಮೊದಲು ಬರೀ ಬ್ಲಿಂಕ್ ಆಗಿತ್ತು. ಐರ್ಲೆಂಡಿನಲ್ಲಿ ಅದೇ ಹೆಸರಿನ ಬ್ಯಾಂಡ್ ಇದ್ದದ್ದರಿಂದ ಸಂಖ್ಯೆ ಸೇರಿಸಬೇಕಾಯಿತು. ಇಂಗ್ಲೆಂಡಿನ ಸ್ವೇಡ್ ಬ್ಯಾಂಡ್ ಅಮೆರಿಕದಲ್ಲಿ ಲಂಡನ್ ಸ್ವೇಡ್ ಆಗಬೇಕಾಯಿತು. ಬ್ಲ್ಯಾಕ್ ಫ್ಲ್ಯಾಗ್‌ನ ಮೊದಲ ಹೆಸರು ಪ್ಯಾನಿಕ್. ಅವರು ಬೇಗ ಬದಲಾಯಿಸಿದ್ದರಿಂದ ನಷ್ಟ ಏನೂ ಆಗಲಿಲ್ಲ. ಟೀ ಶರ್ಟ್ ಪ್ರಿಂಟ್ ಆದ ಮೇಲೆ ಬದಲಾಯಿಸುವುದಿದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ನಮ್ಮಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತ. ಬ್ಯಾಂಡಿಗೆ ಬೇಕಾದ ವರ್ಗಗಳು ಮೂರು. ಕಾರ್ಯಕ್ರಮ ಕೊಡೋದು 41ನೇ ವರ್ಗ, ಬಟ್ಟೆ 25, ರೆಕಾರ್ಡಿಂಗ್ 9. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ ಹತ್ತು ವರ್ಷ ಇರುತ್ತದೆ, ಆಮೇಲೆ ನವೀಕರಿಸಬೇಕು. ದುಡ್ಡು ಕಡಿಮೆ ಇದ್ದರೆ 41ರಿಂದ ಶುರು ಮಾಡಿ. ಅರ್ಜಿ ಯಾರ ಹೆಸರಿನಲ್ಲಿದೆಯೋ ಹೆಸರು ಅವರದ್ದಾಗುತ್ತದೆ ಅನ್ನೋದನ್ನು ಮರೆಯಬೇಡಿ. ಡ್ರಮ್ಮರ್ ಒಬ್ಬನೇ ಅರ್ಜಿ ಹಾಕಿ ನಾಳೆ ಬ್ಯಾಂಡ್ ಬಿಟ್ಟರೆ? ಒಂದು ಪುಟದ ಒಪ್ಪಂದ ಬರೆದು ಎಲ್ಲರೂ ಸಹಿ ಹಾಕಿ ಇಟ್ಟುಕೊಳ್ಳಿ.

## ಲೋಗೋ

ಲೋಗೋ ಅಂದ್ರೆ ಹೆಸರನ್ನೇ ಚೆನ್ನಾಗಿ ಬರೆಯೋದಾ, ಇಲ್ಲ ಒಂದು ಚಿತ್ರ ಬೇಕಾ?

ಯಾವುದಾದರೂ ಆಗಬಹುದು. ಎಸಿ/ಡಿಸಿಗೆ ಅಕ್ಷರವೇ ಸಾಕು. 1977ರಲ್ಲಿ ಜೆರಾರ್ಡ್ ಹ್ಯೂರ್ಟಾ ಬರೆದ ಆ ಚೂಪು ಅಕ್ಷರಗಳನ್ನೇ ಇವತ್ತಿಗೂ ಬಳಸುತ್ತಾರೆ. ಬ್ಲ್ಯಾಕ್ ಫ್ಲ್ಯಾಗ್‌ಗೆ ರೇಮಂಡ್ ಪೆಟಿಬೋನ್ ಮಾಡಿಕೊಟ್ಟದ್ದು ಮೇಲೆ ಕೆಳಗೆ ನಿಂತ ನಾಲ್ಕು ಕಪ್ಪು ಪಟ್ಟಿ ಮಾತ್ರ. ಚಿತ್ರ ಬರೆಯಲು ಬಾರದ ಅಭಿಮಾನಿಯೂ ಅದನ್ನು ಗೋಡೆಗೆ ಸ್ಪ್ರೇ ಮಾಡಬಹುದಿತ್ತು, ಮಾಡಿದರು ಕೂಡ.

ನನಗೆ ತುಂಬ ಇಷ್ಟವಾದ ಕತೆ ಗ್ರೇಟ್‌ಫುಲ್ ಡೆಡ್‌ನದು. 1969ರ ಸುಮಾರಿಗೆ ಅವರು ದೊಡ್ಡ ದೊಡ್ಡ ಉತ್ಸವಗಳಲ್ಲಿ ನುಡಿಸುತ್ತಿದ್ದರು. ಸ್ಟೇಜ್ ಹಿಂದೆ ಎಲ್ಲ ಬ್ಯಾಂಡಿನ ಸಾಮಾನಿನ ಪೆಟ್ಟಿಗೆಗಳೂ ಕಪ್ಪು, ಎಲ್ಲವೂ ಒಂದೇ ಥರ. ತಮ್ಮದು ಯಾವುದು ಅಂತ ದೂರದಿಂದ ಗೊತ್ತಾಗಬೇಕಿತ್ತು. ಅವರ ಸೌಂಡ್ ಎಂಜಿನಿಯರ್ ಆವ್ಸ್ಲಿ ಸ್ಟ್ಯಾನ್ಲಿಗೆ ಒಂದು ಉಪಾಯ ಹೊಳೆಯಿತು. ಒಂದು ದುಂಡು, ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಬಿಳಿ ಮಿಂಚು. ಕೊರೆಯಚ್ಚು ಇಟ್ಟು ಪೆಟ್ಟಿಗೆಗಳ ಮೇಲೆ ಬಣ್ಣ ಹೊಡೆದರು. ಆಮೇಲೆ ಬಾಬ್ ಥಾಮಸ್ ಎಂಬ ಕಲಾವಿದ ಅದಕ್ಕೆ ತಲೆಬುರುಡೆ ಸೇರಿಸಿದ. ಸಾಮಾನು ಗುರುತಿಸಲು ಹಾಕಿದ ಗುರುತು ಬ್ಯಾಂಡಿನ ಮುಖವೇ ಆಯ್ತು.

ನಿಮ್ಮ ಲೋಗೋಗೂ ಇದೇ ಪರೀಕ್ಷೆ ಮಾಡಿ. ಕೊರೆಯಚ್ಚು ಕತ್ತರಿಸಿ ಒಂದೇ ಬಣ್ಣದಲ್ಲಿ ಗಿಟಾರ್ ಪೆಟ್ಟಿಗೆ ಮೇಲೆ ಹೊಡೆಯಿರಿ. ಹತ್ತು ಮೀಟರ್ ದೂರ ಹೋಗಿ ನಿಂತು ನೋಡಿ. ಆಮೇಲೆ ಅದನ್ನೇ 25 ಮಿಲಿಮೀಟರ್ ಬ್ಯಾಡ್ಜ್ ಅಳತೆಗೆ ಪ್ರಿಂಟ್ ತೆಗೆದು ನೋಡಿ. ಎರಡು ಕಡೆಯೂ ಗುರುತು ಸಿಕ್ಕರೆ ಕೆಲಸ ಮುಗಿಯಿತು. ಬ್ಯಾಡ್ಜಿನಲ್ಲಿ ಗೆರೆಗಳು ಅಂಟಿಕೊಂಡು ಮಸಿ ಚುಕ್ಕೆ ಥರ ಕಂಡರೆ ಗೆರೆ ಕಡಿಮೆ ಮಾಡಿ.

ರೋಲಿಂಗ್ ಸ್ಟೋನ್ಸ್ ಲೋಗೋದಲ್ಲಿರೋ ನಾಲಿಗೆ ನಮ್ಮ ಕಾಳಿದಂತೆ, ನಿಜಾನಾ?

ನಿಜ, ಆದರೆ ನೇರವಾಗಿ ಎತ್ತಿಕೊಂಡದ್ದಲ್ಲ. ಲೋಗೋ ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ, ಹಾಗಾಗಿ ಪೂರ್ತಿ ಹೇಳುತ್ತೇನೆ.

1970ರಲ್ಲಿ ಬ್ಯಾಂಡಿಗೆ ಯುರೋಪ್ ಪ್ರವಾಸದ ಪೋಸ್ಟರ್ ಬೇಕಿತ್ತು. ರೆಕಾರ್ಡ್ ಕಂಪನಿ ತೋರಿಸಿದ್ದು ಗಾಯಕ ಮಿಕ್ ಜಾಗರ್‌ಗೆ ಹಿಡಿಸಲಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕೊನೆ ವರ್ಷ ಓದುತ್ತಿದ್ದ ಜಾನ್ ಪಾಶ್ ಆ ಪೋಸ್ಟರ್ ಮಾಡಿದ. ಅದು ಒಪ್ಪಿಗೆಯಾದ ಮೇಲೆ ಒಂದು ಗುರುತು ಬೇಕು ಅಂತ ಕೇಳಿದರು. ಜಾಗರ್ ತನ್ನ ಮನೆ ಹತ್ತಿರದ ಅಂಗಡಿಯಲ್ಲಿ ಕಂಡ ಕಾಳಿಯ ಚಿತ್ರವನ್ನು ಪಾಶ್‌ಗೆ ತೋರಿಸಿದ.

ಪಾಶ್ ಇಲ್ಲಿ ಜಾಣತನ ತೋರಿಸಿದ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಚಿತ್ರಗಳ ಹುಚ್ಚು ಜೋರಾಗಿತ್ತು. ದೇವಿಯನ್ನೇ ಹಾಕಿದರೆ ಬೇಗ ಹಳತಾಗುತ್ತದೆ ಅಂತ ಅವನಿಗೆ ಅನ್ನಿಸಿತು. ಹಾಗಾಗಿ ಚಾಚಿದ ನಾಲಿಗೆ, ತೆರೆದ ಬಾಯಿ ಎರಡನ್ನೇ ಉಳಿಸಿಕೊಂಡು ಬೇರೆ ಎಲ್ಲ ಬಿಟ್ಟ. ದೊಡ್ಡವರಿಗೆ ನಾಲಿಗೆ ತೋರಿಸುವ ಮಗುವಿನ ತುಂಟತನ ಅದರಲ್ಲಿ ಬಂತು. ಬಾಯಿ ಜಾಗರ್‌ನದ್ದೇ ಅಂತಲೂ ಜನ ಅಂದುಕೊಂಡರು.

ಆಮೇಲೊಂದು ಎಡವಟ್ಟಾಯಿತು. 1971ರ ಸ್ಟಿಕಿ ಫಿಂಗರ್ಸ್ ರೆಕಾರ್ಡ್ ಅಮೆರಿಕದಲ್ಲಿ ಹೊರಬರುವಾಗ ಅಲ್ಲಿಗೆ ತಲುಪಿದ್ದು ಫ್ಯಾಕ್ಸ್‌ನಲ್ಲಿ ಬಂದ ಒರಟು ಪ್ರತಿ. ಕ್ರೇಗ್ ಬ್ರಾನ್ ಎಂಬ ಪ್ಯಾಕೇಜಿಂಗ್ ವಿನ್ಯಾಸಕನ ಕಡೆಯವರು ಅದನ್ನು ನೋಡಿಕೊಂಡು ಮತ್ತೆ ಬರೆದರು. ಎರಡರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇದೆ. ಆದರೂ ನಾಲಿಗೆ ನಾಲಿಗೆಯಾಗೇ ಉಳಿಯಿತು. ಬೇರೆಯವರು ಕೆಟ್ಟದಾಗಿ ನಕಲು ಮಾಡಿದರೂ ಗುರುತು ಸಿಗುವ ಚಿತ್ರವೇ ಗಟ್ಟಿ ಲೋಗೋ, ಏಕೆಂದರೆ ನಿಮ್ಮ ಲೋಗೋ ಯಾವಾಗಲೂ ನಿಮ್ಮ ಕೈಯಲ್ಲಿ ಇರೋದಿಲ್ಲ.

ದುಡ್ಡಿನ ವಿಷಯ: ಪಾಶ್‌ಗೆ ಮೊದಲು ಸಿಕ್ಕಿದ್ದು 50 ಪೌಂಡ್, ಆಮೇಲೆ ಮೆಚ್ಚಿಕೊಂಡು ಇನ್ನೂ 200. ಟೀ ಶರ್ಟ್ ಮಾರಾಟದ ಪಾಲು ಬರತೊಡಗಿದ್ದು ಎಷ್ಟೋ ಕಾಲದ ಮೇಲೆ. 1982ರಲ್ಲಿ ಹಕ್ಕನ್ನು 26,000 ಪೌಂಡ್‌ಗೆ ಬ್ಯಾಂಡಿಗೇ ಮಾರಿದ. 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಮೂಲ ಚಿತ್ರವನ್ನು 92,500 ಡಾಲರ್ ಕೊಟ್ಟು ಕೊಂಡಿತು. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಕಾಳಿಯ ನಾಲಿಗೆ ಲಂಡನ್ ಸುತ್ತಿ ನಮ್ಮೂರಿಗೆ ಬಂತು ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಮೆಟಲ್ ಬ್ಯಾಂಡ್ ಲೋಗೋ ಓದಕ್ಕೇ ಆಗಲ್ವಲ್ಲ, ಮತ್ತೆ ಅದೇನು ಪ್ರಯೋಜನ?

ಅದು ಓದಲು ಅಂತ ಮಾಡಿದ್ದಲ್ಲ. ಬೇರಿನ ಥರ ಹೆಣೆದುಕೊಂಡ, ಎಡಕ್ಕೂ ಬಲಕ್ಕೂ ಸರಿಸಮ ಇರುವ ಆ ಗೆರೆಗಳು "ಇದು ಬ್ಲ್ಯಾಕ್ ಮೆಟಲ್" ಅಂತ ಒಂದು ಕ್ಷಣದಲ್ಲಿ ಹೇಳಿಬಿಡುತ್ತವೆ. ಬೆಲ್ಜಿಯಂನ ಕ್ರಿಸ್ಟೋಫ್ ಸ್ಪೈಡೆಲ್ ನಾರ್ವೆಯ ಎಂಪರರ್‌ನಿಂದ ಹಿಡಿದು ಸಾವಿರಾರು ಬ್ಯಾಂಡ್‌ಗಳಿಗೆ ಕೈಯಲ್ಲೇ ಇಂಥವನ್ನು ಬರೆದಿದ್ದಾರೆ. ಆದರೆ ಕಾಲೇಜ್ ಫೆಸ್ಟ್ ಪೋಸ್ಟರಿನಲ್ಲಿ ಎರಡು ಸೆಂಟಿಮೀಟರ್ ಜಾಗ ಸಿಕ್ಕಾಗ ಇದು ಒಣಗಿದ ಪೊದೆ ಥರ ಕಾಣುತ್ತದೆ. ಅಂಥ ಕಡೆಗೆ ಅಂತ ಸರಳ ಅಕ್ಷರದ ಇನ್ನೊಂದು ರೂಪ ಇಟ್ಟುಕೊಳ್ಳಿ.

ಕನ್ನಡ ಅಕ್ಷರದಲ್ಲಿ ಮಾಡಿದ್ರೆ ರಾಕ್ ಥರ ಕಾಣುತ್ತಾ? ಎಲ್ಲರೂ ಇಂಗ್ಲಿಷಲ್ಲೇ ಮಾಡಿಸ್ತಾರೆ.

ಖಂಡಿತ ಕಾಣುತ್ತದೆ. ಆದರೆ ಇಂಗ್ಲಿಷ್ ಲೋಗೋ ಮಾಡುವ ದಾರಿಯಲ್ಲಿ ಹೋದರೆ ಕೆಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎಲ್ಲ ಒಂದೇ ಎತ್ತರ, ಗೋಡೆ ಕಟ್ಟಿದ ಹಾಗೆ. ನಮ್ಮಲ್ಲಿ ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತಕ್ಷರ. ಎಲ್ಲವನ್ನೂ ಒಂದು ಚೌಕದೊಳಗೆ ತುರುಕಲು ಹೋದರೆ ಒತ್ತು ಚಿಕ್ಕದಾಗಿ ಬಟ್ಟೆ ಮೇಲೆ ಮುಚ್ಚಿಹೋಗುತ್ತದೆ.

ನಾನು ಮಾಡೋದು ಹೀಗೆ. "ಕ್ರಾಂತಿ" ಅಂತ ಹೆಸರು ಅಂದುಕೊಳ್ಳಿ. ಒತ್ತನ್ನು ಮುಚ್ಚಿಡುವ ಬದಲು ಅದನ್ನೇ ದೊಡ್ಡದು ಮಾಡುತ್ತೇನೆ. ಕ ಕೆಳಗಿನ ರ-ಒತ್ತನ್ನು ಇಡೀ ಪದದ ಅಡಿಗೆ ಬಾಲದ ಥರ ಎಳೆಯಬಹುದು. ತಲೆಕಟ್ಟನ್ನು ಚೂಪು ಮಾಡಬಹುದು. ಆದರೆ ತೆಗೆದುಹಾಕಬೇಡಿ, ಕನ್ನಡ ಓದುವ ಕಣ್ಣು ಅದನ್ನೇ ಮೊದಲು ಹುಡುಕುತ್ತದೆ. ದುಂಡು ಅಕ್ಷರವನ್ನು ಪೂರ್ತಿ ಮೂಲೆ ಮೂಲೆ ಮಾಡಿದರೆ ಪ, ವ, ಷ ಎಲ್ಲ ಒಂದೇ ಥರ ಕಂಡುಬಿಡುತ್ತವೆ, ಹಾಗಾಗಿ ಹೊಟ್ಟೆಯೊಳಗಿನ ಗೆರೆಗೆ ಸಾಕಷ್ಟು ಜಾಗ ಬಿಡಿ.

ಇನ್ನೊಂದು ದೊಡ್ಡ ಅಪಾಯ ಫೈಲಿನಲ್ಲಿದೆ. ಕೆಲವು ವಿನ್ಯಾಸದ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಭಾಷೆಯ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಒಡೆದು ನಿಲ್ಲುತ್ತದೆ. ಹಳೆ ನುಡಿ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ಪ್ರಿಂಟ್ ಮಾಡುವವರಿಗೆ ಕನ್ನಡ ಬಾರದಿದ್ದರೆ ಅವರಿಗೆ ತಪ್ಪು ಕಾಣೋದೂ ಇಲ್ಲ. ಅಕ್ಷರಗಳನ್ನೆಲ್ಲ ಗೆರೆಯ ಆಕಾರಕ್ಕೆ ಬದಲಾಯಿಸಿದ ವೆಕ್ಟರ್ ಫೈಲನ್ನೇ ಕೊಡಿ. ಜೊತೆಗೆ ಸರಿಯಾದ ರೂಪದ ಒಂದು ಫೋಟೋ ಕಳಿಸಿ.

## ಟೀ ಶರ್ಟ್

ಸ್ಕ್ರೀನ್ ಪ್ರಿಂಟ್ ಮಾಡಿಸ್ಬೇಕಾ, ಡಿಟಿಎಫ್ ಸಾಕಾ?

ಹತ್ತು ಹದಿನೈದು ಶರ್ಟ್ ಆದರೆ ಡಿಟಿಎಫ್ ಸಾಕು. ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿ ಒತ್ತಿ ಬಟ್ಟೆಗೆ ಅಂಟಿಸುತ್ತಾರೆ, ಎಷ್ಟು ಬಣ್ಣ ಇದ್ದರೂ ತೊಂದರೆಯಿಲ್ಲ. ಎದೆ ಪೂರ್ತಿ ಗಟ್ಟಿ ಬಣ್ಣದ ಚಿತ್ರ ಇದ್ದರೆ ಮಾತ್ರ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗಿರುತ್ತದೆ, ಶೋನಲ್ಲಿ ಬೆವರಿದರೆ ಗೊತ್ತಾಗುತ್ತದೆ. ಐವತ್ತರ ಮೇಲೆ ಆದರೆ ಜಾಲರಿಯ ಮೂಲಕ ಬಟ್ಟೆ ಮೇಲೆ ಶಾಯಿ ಎಳೆಯುವ ಸ್ಕ್ರೀನ್ ಪ್ರಿಂಟ್ ಮಾಡಿಸಿ. ಪ್ರತಿ ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕು, ಆ ಖರ್ಚು ಹತ್ತು ಶರ್ಟಿಗೂ ಅಷ್ಟೇ, ನೂರಕ್ಕೂ ಅಷ್ಟೇ. ಕಪ್ಪು ಬಟ್ಟೆ ಮೇಲೆ ಬಿಳಿ ಒಂದೇ ಬಣ್ಣ ಅಗ್ಗವಾಗೋದು ಇದಕ್ಕೇ.

ಕಪ್ಪಿನ ಮೇಲೆ ಬಿಳಿ ಒಂದೇ ಸಲ ಎಳೆದರೆ ಬೂದಿ ಬಣ್ಣ ಬರುತ್ತದೆ. ಒಮ್ಮೆ ಎಳೆದು, ಸ್ವಲ್ಪ ಒಣಗಿಸಿ, ಮತ್ತೆ ಎಳೆಯಬೇಕು. ಶಾಯಿ ಹರಡುವುದರಿಂದ ಅಕ್ಷರದೊಳಗಿನ ಖಾಲಿ ಜಾಗ ಕಿರಿದಾಗುತ್ತದೆ. ನಾನು ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆ ಇಡೋದಿಲ್ಲ, ಖಾಲಿ ಜಾಗವನ್ನು ಅದಕ್ಕಿಂತ ಜಾಸ್ತಿ ಬಿಡುತ್ತೇನೆ.

ಸ್ಕ್ರೀನ್ ಪ್ರಿಂಟಿಗೆ ಬಳಸುವ ಪ್ಲಾಸ್ಟಿಸಾಲ್ ಎಂಬ ಶಾಯಿ ಸರಿಯಾಗಿ ಕೂರಲು ಅದರ ಪದರ ಪೂರ್ತಿ ಸುಮಾರು 160 ಡಿಗ್ರಿ ಬಿಸಿ ಮುಟ್ಟಬೇಕು. ಒಂದು ಮಳೆಗಾಲದಲ್ಲಿ ನಾವು ಅವಸರದಿಂದ ತೆಗೆದುಕೊಂಡ ಶರ್ಟುಗಳು ಎರಡೇ ಒಗೆತಕ್ಕೆ ಬಿರುಕು ಬಿಟ್ಟವು. ಕೊಂಡವರಿಗೆಲ್ಲ ದುಡ್ಡು ವಾಪಸ್ ಕೊಟ್ಟೆವು. ಅವತ್ತಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಶರ್ಟ್ ತಣ್ಣಗಾದ ಮೇಲೆ ಪ್ರಿಂಟನ್ನು ಎರಡು ಕೈಯಲ್ಲಿ ಎಳೆದು ನೋಡುತ್ತೇನೆ. ಒಣ ಕೆರೆಯ ಮಣ್ಣಿನ ಹಾಗೆ ಬಿರಿದರೆ ಬಿಸಿ ಸಾಲದಾಗಿದೆ ಅಂತ ಅರ್ಥ. ರಬ್ಬರಿನ ಹಾಗೆ ಹಿಗ್ಗಿ ಕೂತರೆ ಸರಿ.

ಮೊದಲ ಸಲಕ್ಕೆ ಎಷ್ಟು ಶರ್ಟ್ ಮಾಡಿಸೋದು? ಯಾವ ಸೈಜ್ ಎಷ್ಟು?

ಒಂದು ಲೆಕ್ಕ ಮಾಡೋಣ. 60 ಶರ್ಟ್, ಬಟ್ಟೆ ಪ್ರಿಂಟ್ ಎಲ್ಲ ಸೇರಿ ಒಂದಕ್ಕೆ 260 ರೂಪಾಯಿ ಬಿತ್ತು ಅಂದುಕೊಳ್ಳಿ. ಒಟ್ಟು 15,600. ಮಾರೋದು 500ಕ್ಕೆ. 32ನೇ ಶರ್ಟ್ ಮಾರಿದಾಗ ಹಾಕಿದ ದುಡ್ಡು ವಾಪಸ್ ಬರುತ್ತದೆ, ಉಳಿದ 28 ಲಾಭ. ಹಾಗಾಗಿ ನಿಮ್ಮನ್ನೇ ನೀವು ಕೇಳಿಕೊಳ್ಳಬೇಕಾದ್ದು ಒಂದೇ: ಮುಂದಿನ ಮೂರು ಶೋನಲ್ಲಿ 32 ಜನ ಕೊಳ್ಳುತ್ತಾರಾ? ಅನುಮಾನ ಇದ್ದರೆ 30 ಮಾಡಿಸಿ. ಒಂದರ ದರ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸೈಜಿಗೆ ನನ್ನ ಲೆಕ್ಕ: ಎಸ್ 8, ಎಂ 18, ಎಲ್ 18, ಎಕ್ಸೆಲ್ 12, ಡಬಲ್ ಎಕ್ಸೆಲ್ 4. ಮೊದಲ ಶೋನಲ್ಲೇ ಯಾವ ಸೈಜ್ ಕೇಳಿ ಸಿಗದೆ ಹೋದರು ಅಂತ ಬರೆದುಕೊಳ್ಳಿ, ಎರಡನೇ ಆರ್ಡರಿಗೆ ಆ ಚೀಟಿಯೇ ದಾರಿ.

ಶರ್ಟ್ ಮಾರೋದು ಸಣ್ಣ ವಿಷಯ ಅಂದುಕೊಳ್ಳಬೇಡಿ. ರಾಮೋನ್ಸ್ ಬ್ಯಾಂಡಿಗೆ ಆರ್ಟುರೋ ವೇಗಾ ಎಂಬ ಗೆಳೆಯ ಅಮೆರಿಕದ ಅಧ್ಯಕ್ಷರ ಮುದ್ರೆಯನ್ನು ಬದಲಾಯಿಸಿ ಲೋಗೋ ಮಾಡಿದ. ಹದ್ದಿನ ಒಂದು ಕಾಲಲ್ಲಿ ಬಾಣಗಳ ಬದಲು ಬೇಸ್‌ಬಾಲ್ ಬ್ಯಾಟ್, ಇನ್ನೊಂದರಲ್ಲಿ ಆಲಿವ್ ಬದಲು ಸೇಬಿನ ಕೊಂಬೆ. ಆ ಶರ್ಟುಗಳನ್ನು ಶೋಗಳಲ್ಲಿ ಅವನೇ ಮಾರುತ್ತಿದ್ದ. ರೆಕಾರ್ಡುಗಳು ಹೆಚ್ಚು ಮಾರಾಟವಾಗದ ಆ ಬ್ಯಾಂಡಿಗೆ ಶರ್ಟಿನ ದುಡ್ಡು ದೊಡ್ಡ ಆಸರೆಯಾಗಿತ್ತು.

## ಪೋಸ್ಟರ್, ಹಕ್ಕು, ಮುಂದಿನ ದಾರಿ

ಪೋಸ್ಟರಿನಲ್ಲಿ ಚಿತ್ರ ಮುಖ್ಯಾನಾ, ಮಾಹಿತಿ ಮುಖ್ಯಾನಾ?

1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಸಭಾಂಗಣಕ್ಕೆ ವೆಸ್ ವಿಲ್ಸನ್ ಮಾಡಿದ ಪೋಸ್ಟರುಗಳಲ್ಲಿ ಅಕ್ಷರಗಳು ಬೆಂಕಿಯ ಹಾಗೆ ಕರಗಿ ಹರಿಯುತ್ತವೆ. ಓದಲು ಕಷ್ಟ ಅಂತ ಆಯೋಜಕ ಬಿಲ್ ಗ್ರಹಾಂ ಗೊಣಗುತ್ತಿದ್ದ. ಆದರೆ ಜನ ಅದನ್ನು ಬಿಡಿಸಿ ಓದಲು ನಿಂತರು, ಮನೆಗೆ ಕಿತ್ತುಕೊಂಡೂ ಹೋದರು. ವಿಕ್ಟರ್ ಮೊಸ್ಕೋಸೊ ಕೆಂಪಿನ ಪಕ್ಕದಲ್ಲಿ ಅಷ್ಟೇ ಗಾಢವಾದ ನೀಲಿ ಇಟ್ಟು ಅಕ್ಷರ ಅಲುಗಾಡುವ ಹಾಗೆ ಮಾಡಿದ.

ಅವರಿಗೆ ಅದು ನಡೆಯಿತು, ಏಕೆಂದರೆ ಪ್ರತಿ ವಾರ ಅದೇ ಜಾಗದಲ್ಲಿ ಶೋ, ಬರುವವರಿಗೆ ಜಾಗ ಗೊತ್ತಿತ್ತು. ನಿಮ್ಮ ಶೋ ತಿಂಗಳಿಗೊಂದು, ಪ್ರತಿ ಸಲ ಬೇರೆ ಕಡೆ. ಆದ್ದರಿಂದ ಚಿತ್ರ ಎಷ್ಟು ಹುಚ್ಚಾಗಿದ್ದರೂ ಬ್ಯಾಂಡಿನ ಹೆಸರು, ದಿನ, ಜಾಗ ಈ ಮೂರೂ ಒಂದೇ ಕಡೆ ನೇರ ಅಕ್ಷರದಲ್ಲಿರಲಿ. ಕರ್ನಾಟಕದಲ್ಲಿ ಸಾರ್ವಜನಿಕ ಗೋಡೆಗೆ ಅಂಟಿಸೋದನ್ನು 1981ರ ಒಂದು ಕಾಯ್ದೆ ತಡೆಯುತ್ತದೆ. ಅನುಮತಿ ಕೊಟ್ಟ ಕೆಫೆ, ಮ್ಯೂಸಿಕ್ ಅಂಗಡಿ, ಕಾಲೇಜಿನ ಬೋರ್ಡು ಸಾಕು. ಮಿಕ್ಕವರು ನೋಡೋದು ಫೋನಿನಲ್ಲಿ, ಅದೂ ಬೆರಳಿನಷ್ಟು ಅಗಲಕ್ಕೆ. ಅಷ್ಟು ಚಿಕ್ಕದು ಮಾಡಿ ದಿನ ಓದಲು ಆಗುತ್ತಾ ನೋಡಿ.

ಹಳೆ ಕ್ಯಾಲೆಂಡರ್ ಚಿತ್ರ, ನೆಟ್ಟಲ್ಲಿ ಸಿಕ್ಕಿದ ಚಿತ್ರ ಹಾಕ್ಬಹುದಾ?

ಕಲಾವಿದ ತೀರಿಕೊಂಡು 60 ವರ್ಷ ಕಳೆದಿದ್ದರೆ ನಮ್ಮ ಕಾನೂನಿನಲ್ಲಿ ಆ ಚಿತ್ರ ಎಲ್ಲರದ್ದು. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರ ಬಳಸಬಹುದು. ಆಮೇಲಿನ ಕ್ಯಾಲೆಂಡರ್ ಕಲಾವಿದರ ವಿಷಯದಲ್ಲಿ ವಿಚಾರಿಸದೆ ಕೈ ಹಾಕಬೇಡಿ.

ಗ್ರೇಟ್‌ಫುಲ್ ಡೆಡ್‌ನ ಗುಲಾಬಿ ಕಿರೀಟದ ಅಸ್ಥಿಪಂಜರ ಹುಟ್ಟಿದ್ದು ಹಳೆ ಪುಸ್ತಕದಿಂದಲೇ. ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ 1966ರಲ್ಲಿ ಒಮರ್ ಖಯ್ಯಾಮನ ರುಬಾಯತ್‌ಗೆ ಎಡ್ಮಂಡ್ ಸುಲ್ಲಿವನ್ ಬರೆದಿದ್ದ ಕಪ್ಪು ಬಿಳುಪು ಚಿತ್ರವೊಂದನ್ನು ಲೈಬ್ರರಿಯಲ್ಲಿ ಕಂಡರು. ಅದಕ್ಕೆ ಬಣ್ಣ, ಅಕ್ಷರ ಸೇರಿಸಿ ಪೋಸ್ಟರ್ ಮಾಡಿದರು. ಒಂದು ಶೋಗೆ ಮಾಡಿದ್ದು ಮುಂದೆ ಬ್ಯಾಂಡಿನ ಗುರುತೇ ಆಯ್ತು.

ಗೆಳೆಯರಿಂದ ಬರೆಸಿದರೂ ಹಕ್ಕು ವರ್ಗಾವಣೆಯನ್ನು ಬರೆದಿಟ್ಟುಕೊಳ್ಳಿ. ಅದರಲ್ಲಿ ಎಷ್ಟು ವರ್ಷಕ್ಕೆ, ಯಾವ ದೇಶಕ್ಕೆ ಅಂತ ಇರಲೇಬೇಕು. ಅವಧಿ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ತಿಳಿಯುತ್ತದೆ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆರನೇ ವರ್ಷ ನಿಮ್ಮದೇ ಶರ್ಟಿಗೆ ನೀವು ಮತ್ತೆ ಕೇಳಬೇಕಾಗುತ್ತದೆ. ಕಲಾವಿದರಿಗೆ ಶರ್ಟಿಗೆ ಇಷ್ಟು ಅಂತ ಪಾಲು ಕೊಡೋದೂ ನ್ಯಾಯ. ಪಾಶ್ ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು, ನಿಮ್ಮ ಗೆಳೆಯರು ಕಾಯೋದು ಬೇಡ.

ಪ್ರತಿ ಆಲ್ಬಂಗೂ ಲುಕ್ ಬದಲಾಯಿಸ್ಬೇಕಾ?

ಐರನ್ ಮೇಡನ್‌ನ ದಾರಿ ನೋಡಿ. ಅಕ್ಷರ ಮೊದಲಿನಿಂದ ಬಹುಪಾಲು ಅದೇ. ಎಡ್ಡಿ ಎಂಬ ಪಾತ್ರವೂ ಅದೇ, 1980ರಲ್ಲಿ ಡೆರೆಕ್ ರಿಗ್ಸ್ ಚಿತ್ರದಿಂದ ಬಂದದ್ದು. ಬದಲಾಗೋದು ಎಡ್ಡಿಯ ವೇಷ. ಒಮ್ಮೆ ಸೈನಿಕ, ಒಮ್ಮೆ ಈಜಿಪ್ಟಿನ ದೊರೆ, ಒಮ್ಮೆ ಯಂತ್ರಮಾನವ. ಆಲ್ಬಂ ಬದಲಾದಂತೆ ಶರ್ಟ್, ಪೋಸ್ಟರ್, ಸ್ಟೇಜ್ ಹಿಂದಿನ ಪರದೆ ಎಲ್ಲಕ್ಕೂ ಆ ವೇಷವೇ. 2007ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿಗೆ ಬಂದಾಗ ಎಡ್ಡಿ ಯಾರು ಅಂತ ಇಲ್ಲಿನವರಿಗೆ ಹೇಳಿಕೊಡಬೇಕಿರಲಿಲ್ಲ. ನಿಮಗೂ ಯಾವುದು ಬದಲಾಗಬಾರದು ಅಂತ ಮೊದಲೇ ತೀರ್ಮಾನಿಸಿ, ಅಕ್ಷರವೋ, ಒಂದು ಬಣ್ಣವೋ, ಒಂದು ಪಾತ್ರವೋ. ಮಿಕ್ಕಿದ್ದನ್ನು ಹಾಡಿಗೆ ತಕ್ಕ ಹಾಗೆ ಬದಲಾಯಿಸಿ.

ಆಯೋಜಕರು ನಮ್ಮ ಲೋಗೋ ಎಳೆದು ಸೊಟ್ಟ ಮಾಡಿ ಹಾಕ್ತಾರೆ, ಏನು ಮಾಡೋದು?

ಅವರ ಹತ್ತಿರ ಸರಿಯಾದ ಫೈಲ್ ಇರೋದಿಲ್ಲ. ನಿಮ್ಮ ಪುಟದಿಂದ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ, ಅಷ್ಟೇ. ಒಂದು ಫೋಲ್ಡರ್ ಮಾಡಿ ಲಿಂಕ್ ಸಿದ್ಧವಾಗಿಡಿ. ಅಗಲವಾದ ಜಾಗಕ್ಕೆ ಒಂದು ರೂಪ, ಚೌಕ ಜಾಗಕ್ಕೆ ಒಂದು, ಎರಡೂ ಕಪ್ಪಿನಲ್ಲಿ ಮತ್ತು ಬಿಳಿಯಲ್ಲಿ, ಹಿನ್ನೆಲೆ ಇಲ್ಲದೆ. ಫೈಲಿನ ಹೆಸರಿನಲ್ಲೇ ಬ್ಯಾಂಡಿನ ಹೆಸರು ಮತ್ತು ಬಣ್ಣ ಇರಲಿ, `final2_new` ಥರದ್ದು ಬೇಡ. ಶೋ ಒಪ್ಪಿಕೊಂಡ ದಿನವೇ ಲಿಂಕ್ ಕಳಿಸಿ, ಪೋಸ್ಟರ್ ಹೊರಗೆ ಹೋಗುವ ಮೊದಲು ಒಮ್ಮೆ ತೋರಿಸಿ ಅಂತ ಕೇಳಿ. ಬಹಳಷ್ಟು ಆಯೋಜಕರು ಸಂತೋಷದಿಂದಲೇ ತೋರಿಸುತ್ತಾರೆ.